ತಿಂಗಳ ಮಾರಾಟದ ವರದಿ: ಎಷ್ಟು ಅನ್ನೋದು ಕೋಷ್ಟಕದಲ್ಲಿದೆ, ಯಾಕೆ ಅನ್ನೋದನ್ನ ಟಿಪ್ಪಣಿಯಲ್ಲಿ ಬರೆಯಿರಿ

ರೈತ ಉತ್ಪಾದಕ ಕಂಪನಿ ಇರಲಿ, ಹತ್ತು ಹದಿನೈದು ಜನ ಸಾವಯವ ಕೃಷಿಕರ ಗುಂಪು ಇರಲಿ, ತಿಂಗಳ ಮೊದಲ ವಾರದ ಸಭೆಗೆ ಹಿಂದಿನ ತಿಂಗಳ ಮಾರಾಟದ ವರದಿ ಬರುತ್ತೆ. ಮೇಲೆ ಒಂದು ಕೋಷ್ಟಕ, ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ. ಆ ಟಿಪ್ಪಣಿ ಬಹಳ ಕಡೆ ಹೀಗಿರುತ್ತೆ: "ಆಗಸ್ಟ್ ತಿಂಗಳಲ್ಲಿ ಒಟ್ಟು ಮಾರಾಟ ಶೇ 10ರಷ್ಟು ಇಳಿದಿದೆ. ಟೊಮೆಟೊ ಮತ್ತು ಬೀನ್ಸ್ ಮಾರಾಟ ಕಡಿಮೆಯಾಗಿದೆ. ಸೊಪ್ಪಿನ ಮಾರಾಟ ಏರಿದೆ."

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೋಷ್ಟಕ ನೋಡಿದವರಿಗೆ ಇದೆಲ್ಲ ಆಗಲೇ ಗೊತ್ತಾಗಿದೆ. ಕಾರಣ ಬರೆದಿಲ್ಲ ಅಂದ್ರೆ ಸಭೆಯಲ್ಲಿ ಕೂತವರು ತಮಗೆ ತೋಚಿದ ಕಾರಣ ಹೇಳೋಕೆ ಶುರು ಮಾಡ್ತಾರೆ. ಒಬ್ಬರು ಮಳೆ ಅಂತಾರೆ, ಇನ್ನೊಬ್ಬರು ನಮ್ಮ ಬೆಲೆ ಜಾಸ್ತಿಯಾಯ್ತು ಅಂತಾರೆ. ಕೊನೆಗೆ ಬೆಲೆ ಇಳಿಸೋಣ, ಸೊಪ್ಪು ಜಾಸ್ತಿ ಹಾಕೋಣ ಅಂತ ತೀರ್ಮಾನ ಆಗುತ್ತೆ. ಆ ತೀರ್ಮಾನದ ಮೇಲೆ ಮುಂದಿನ ಎರಡು ತಿಂಗಳ ಬಿತ್ತನೆ ನಿಂತಿರುತ್ತೆ.

ಎಲೆ ಹಳದಿಯಾಗಿದೆ ಅನ್ನೋದು ಲಕ್ಷಣ ಮಾತ್ರ. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕಡೆ ನೋಡ್ತೀವಿ. ಚಿಗುರೆಲೆಯ ನರ ಹಸಿರಾಗೇ ಉಳಿದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು ಅಂತೀವಿ. ಎಲ್ಲಿ, ಹೇಗೆ ಹಳದಿಯಾಗಿದೆ ಅಂತ ಬಿಡಿಸಿ ನೋಡಿದ ಮೇಲೇ ಕಾರಣದ ಮಾತು. ಮಾರಾಟದ ಅಂಕಿಯನ್ನೂ ಹಾಗೇ ನೋಡಬೇಕು. ಒಂದು ಉದಾಹರಣೆ ಲೆಕ್ಕ ಹಿಡಿದು ಮಾಡೋಣ.

ಲೆಕ್ಕ ಹೀಗಿದೆ ಅಂದುಕೊಳ್ಳಿ

2025ರ ಜುಲೈನಲ್ಲಿ ಒಂದು ತರಕಾರಿ ಗುಂಪಿನ ಮಾರಾಟ 2,40,000 ರೂಪಾಯಿ, ಆಗಸ್ಟಿನಲ್ಲಿ 2,16,000. ಅಂದ್ರೆ 24,000 ಕಡಿಮೆ. ಟೊಮೆಟೊ ಮತ್ತು ಬೀನ್ಸ್ ಅಂಗಡಿಗಳಿಗೆ ಹೋಗ್ತವೆ, ಜೊತೆಗೆ ಸೋಮವಾರ ಮನೆಮನೆಗೆ ಹೋಗೋ ತರಕಾರಿ ಬುಟ್ಟಿಗೂ ಹೋಗ್ತವೆ. ಸೊಪ್ಪು ಪೂರ್ತಿ ಶನಿವಾರದ ಸಂತೆಗೆ.

- ಟೊಮೆಟೊ: ಜುಲೈನಲ್ಲಿ 1,500 ಕೆಜಿ, ಕೆಜಿಗೆ 60 ರೂ. ಆಗಸ್ಟಿನಲ್ಲಿ 1,600 ಕೆಜಿ, 40 ರೂ. ಒಟ್ಟು 26,000 ಕಡಿಮೆ.
- ಬೀನ್ಸ್: ಜುಲೈನಲ್ಲಿ 800 ಕೆಜಿ, 70 ರೂ. ಆಗಸ್ಟಿನಲ್ಲಿ 500 ಕೆಜಿ, 80 ರೂ. ಒಟ್ಟು 16,000 ಕಡಿಮೆ.
- ಸೊಪ್ಪು: ಜುಲೈನಲ್ಲಿ 4,000 ಕಟ್ಟು, ಆಗಸ್ಟಿನಲ್ಲಿ 5,000 ಕಟ್ಟು. ಎರಡೂ ತಿಂಗಳು ಕಟ್ಟಿಗೆ 12 ರೂ. ಒಟ್ಟು 12,000 ಹೆಚ್ಚು.
- ಇತರೆ: ಎಲ್ಲಾ ಸೇರಿ 6,000 ಹೆಚ್ಚು.

ಶುರು ಮಾಡೋಕೆ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮಾಲು ಹೋದ ದಿನಾಂಕದ ಮೇಲೆ ಲೆಕ್ಕ ಹಿಡಿದಿದ್ದೀರೋ, ದುಡ್ಡು ಬಂದ ದಿನಾಂಕದ ಮೇಲೋ? ಜುಲೈ ಕೊನೆಯ ಬಿಲ್ಲು ಆಗಸ್ಟಿನಲ್ಲಿ ಜಮಾ ಆಗಿದ್ದರೆ, ತೋಟದಲ್ಲಿ ಏನೂ ಬದಲಾಗದೆ ಅಂಕಿ ಮಾತ್ರ ಬದಲಾಗಿರುತ್ತೆ. ಎರಡೂ ತಿಂಗಳಿಗೆ ಮಾಲು ಹೋದ ದಿನಾಂಕವನ್ನೇ ಹಿಡಿಯಿರಿ.

ಮೊದಲು ಪ್ರಮಾಣ ಬೇರೆ, ಬೆಲೆ ಬೇರೆ ಮಾಡಿ

ಟೊಮೆಟೊ, ಬೀನ್ಸ್ ಎರಡೂ ಕೋಷ್ಟಕದಲ್ಲಿ ಇಳಿಕೆಯಾಗೇ ಕಾಣುತ್ತವೆ. ಬಿಡಿಸಿ ನೋಡಿದರೆ ಎರಡರ ಕಥೆ ಒಂದಕ್ಕೊಂದು ಉಲ್ಟಾ.

ಲೆಕ್ಕ ಸುಲಭ. ಪ್ರಮಾಣದ ವ್ಯತ್ಯಾಸವನ್ನು ಹಳೆ ಬೆಲೆಯಿಂದ ಗುಣಿಸಿ. ಬೆಲೆಯ ವ್ಯತ್ಯಾಸವನ್ನು ಹೊಸ ಪ್ರಮಾಣದಿಂದ ಗುಣಿಸಿ. ಎರಡನ್ನೂ ಕೂಡಿದರೆ ಒಟ್ಟು ವ್ಯತ್ಯಾಸ ಬರಬೇಕು.

ಟೊಮೆಟೊದಲ್ಲಿ ಪ್ರಮಾಣ 100 ಕೆಜಿ ಏರಿದೆ. ಅದನ್ನು ಹಳೆ ಬೆಲೆ 60ರಿಂದ ಗುಣಿಸಿದರೆ 6,000 ಹೆಚ್ಚು. ಬೆಲೆ 20 ರೂ. ಇಳಿದಿದೆ. ಅದನ್ನು 1,600ರಿಂದ ಗುಣಿಸಿದರೆ 32,000 ಕಡಿಮೆ. ಹೀಗೆ ಒಟ್ಟು 26,000 ಇಳಿಕೆ. ಬೀನ್ಸ್‌ನಲ್ಲಿ ಪ್ರಮಾಣ 300 ಕೆಜಿ ಇಳಿದಿದ್ದಕ್ಕೆ 21,000 ಕಡಿಮೆ, ಬೆಲೆ 10 ರೂ. ಏರಿದ್ದಕ್ಕೆ 5,000 ಹೆಚ್ಚು. ಒಟ್ಟು 16,000 ಇಳಿಕೆ.

ಈಗ ಹುಡುಕಬೇಕಾದ್ದು ಸ್ಪಷ್ಟವಾಯ್ತು. ಟೊಮೆಟೊ ಬೆಲೆ ಯಾಕೆ ಇಳೀತು? ಬೀನ್ಸ್ ಪ್ರಮಾಣ ಯಾಕೆ ಇಳೀತು? ಸೊಪ್ಪು ಯಾಕೆ ಏರಿತು? ಉಳಿದ ಪುಡಿ ಬದಲಾವಣೆಗಳಿಗೆಲ್ಲ ಕಾರಣ ಹುಡುಕುತ್ತಾ ಕೂರಬೇಡಿ. ಈ ಗಾತ್ರದ ಗುಂಪಿಗೆ 10,000ಕ್ಕಿಂತ ಕಡಿಮೆ ಏರಿಳಿತಕ್ಕೆ ಟಿಪ್ಪಣಿ ಬೇಡ ಅಂತ ಒಂದು ಮಿತಿ ಹಾಕಿಕೊಂಡರೆ ಸಾಕು. "ಇತರೆ" ಸಾಲನ್ನು ಮಾತ್ರ ಒಮ್ಮೆ ಬಿಚ್ಚಿ ನೋಡಿ. ಒಂದು ಬೆಳೆ ಜೋರಾಗಿ ಏರಿ, ಇನ್ನೊಂದು ಅಷ್ಟೇ ಇಳಿದು, ಎರಡೂ ಅದರೊಳಗೆ ಮುಚ್ಚಿಹೋಗಿರೋದು ಉಂಟು.

ಒಂದು ಮಾತು: ಹಳೆ ಬೆಲೆ, ಹೊಸ ಪ್ರಮಾಣ ಅನ್ನೋದು ನಾವು ಮಾಡಿಕೊಂಡ ರೂಢಿ. ತಿರುವುಮುರುವು ಹಿಡಿದರೆ ಎರಡು ಭಾಗಗಳ ಅಂಕಿ ಸ್ವಲ್ಪ ಬದಲಾಗುತ್ತೆ. ಹಾಗಾಗಿ ಒಂದು ಕ್ರಮ ಹಿಡಿದ ಮೇಲೆ ಪ್ರತಿ ತಿಂಗಳೂ ಅದನ್ನೇ ಅನುಸರಿಸಿ.

ತೋಚಿದ ಕಾರಣವನ್ನು ಇನ್ನೊಂದು ಅಂಕಿಯ ಜೊತೆ ತಾಳೆ ನೋಡಿ

ಇಲ್ಲಿ ಎಡವೋದು ಸುಲಭ. ಆಗಸ್ಟಿನಲ್ಲಿ ಬೀನ್ಸ್ ಕಡಿಮೆ ಅಂದ ಕೂಡಲೇ ಬಾಯಿಗೆ ಬರೋದು "ಮಳೆ". ಬರೆದುಬಿಟ್ಟರೆ ಯಾರೂ ಪ್ರಶ್ನೆ ಮಾಡಲ್ಲ. ಆದ್ದರಿಂದ ನೀವೇ ಪ್ರಶ್ನೆ ಹಾಕಿಕೊಳ್ಳಿ: ಈ ಕಾರಣ ನಿಜವಾಗಿದ್ದರೆ ಇನ್ನೇನು ಬದಲಾಗಿರಬೇಕಿತ್ತು?

ಬೀನ್ಸ್ ವಿಷಯದಲ್ಲಿ ಮೊದಲು ಕೇಳಬೇಕಾದ್ದು, ಕೊಳ್ಳೋರು ಕಡಿಮೆಯಾದರೋ, ಮಾಲು ಕಡಿಮೆಯಾಯ್ತೋ ಅಂತ. ಆರ್ಡರ್ ಪುಸ್ತಕ ತೆಗೆದರೆ ಗೊತ್ತಾಗುತ್ತೆ. ಆಗಸ್ಟಿನಲ್ಲಿ 790 ಕೆಜಿ ಕೇಳಿದ್ದಾರೆ, ನಾವು ಕೊಟ್ಟಿದ್ದು 500. ಕೊಳ್ಳೋರು ಎಲ್ಲೂ ಹೋಗಿಲ್ಲ, ಮಾಲೇ ಇರಲಿಲ್ಲ. ಗುಂಪಿನಲ್ಲಿ ಆರ್ಡರ್ ಬರೆದಿಡೋ ಅಭ್ಯಾಸ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವೇ ಸಿಗಲ್ಲ. ಕೊಟ್ಟಿದ್ದರ ಪಕ್ಕದಲ್ಲಿ ಕೇಳಿದ್ದನ್ನೂ ಬರೆದಿಡಿ.

ಮಾಲು ಯಾಕೆ ಕಡಿಮೆಯಾಯ್ತು? ಬಿಡದ ಮಳೆಗೆ ಹೂವು ಉದುರಿದ್ದರೆ, ತುಕ್ಕು ರೋಗ ಬಂದಿದ್ದರೆ ಗುಂಟೆವಾರು ಇಳುವರಿ ಇಳಿದಿರಬೇಕು. ತೋಟದ ದಿನಚರಿ ಪ್ರಕಾರ ಜುಲೈನಲ್ಲಿ 20 ಗುಂಟೆಯಿಂದ 800 ಕೆಜಿ, ಅಂದ್ರೆ ಗುಂಟೆಗೆ 40. ಆಗಸ್ಟಿನಲ್ಲಿ 12 ಗುಂಟೆಯಿಂದ 500 ಕೆಜಿ, ಗುಂಟೆಗೆ ಸುಮಾರು 42. ಇಳುವರಿ ಇಳಿದೇ ಇಲ್ಲ. ಕಡಿಮೆಯಾಗಿದ್ದು ಕೊಯ್ಲಿಗೆ ಬಂದ ಜಾಗ. ಪೊದೆ ಬೀನ್ಸ್ ಬಿತ್ತಿ 45ರಿಂದ 50 ದಿನಕ್ಕೆ ಮೊದಲ ಕೊಯ್ಲು ಬರುತ್ತೆ. ಹಾಗಾಗಿ ಆಗಸ್ಟ್ ಕೊಯ್ಲಿನ ಉತ್ತರ ಜೂನ್ ಕೊನೆಯ ಪುಟಗಳಲ್ಲಿರುತ್ತೆ. ಅಲ್ಲಿ ನೋಡಿದರೆ ಮೂವರು ಸದಸ್ಯರಿಗೆ ಬೀಜ ತಡವಾಗಿ ಸಿಕ್ಕಿ, ಅವರ 8 ಗುಂಟೆಯ ಬಿತ್ತನೆ ಜುಲೈ ಮಧ್ಯಕ್ಕೆ ಹೋಗಿದೆ.

ಕಾರಣ ಮಳೆ ಆಗಿದ್ದರೆ ನಾವು ಮಾಡೋದು ಕಡಿಮೆ. ಬೀಜ ಆಗಿದ್ದರೆ ಮಾಡೋ ಕೆಲಸ ಇದೆ: ಬೀಜದ ಬೇಡಿಕೆ ಪಟ್ಟಿಯನ್ನು ಒಂದು ತಿಂಗಳು ಮುಂಚೆ ಕಳಿಸಬೇಕು.

ಟೊಮೆಟೊಗೂ ಹೀಗೇ. ಬೆಲೆ ಇಳಿದಿದ್ದು ಇಡೀ ಮಾರುಕಟ್ಟೆಯಲ್ಲೋ, ನಮ್ಮ ಮಾಲಿಗೆ ಮಾತ್ರವೋ? ಎಪಿಎಂಸಿ ದರ ಕೃಷಿ ಮಾರಾಟ ವಾಹಿನಿಯಲ್ಲಿ ಸಿಗುತ್ತೆ, ಹಾಪ್‌ಕಾಮ್ಸ್ ದರಪಟ್ಟಿಯನ್ನೂ ನೋಡಬಹುದು. ನಮ್ಮ ಉದಾಹರಣೆಯಲ್ಲಿ ಮಂಡಿ ದರ 40ರಿಂದ 20ಕ್ಕೆ ಇಳಿದಿದೆ ಅಂದುಕೊಳ್ಳಿ. ನಮ್ಮದು 60ರಿಂದ 40ಕ್ಕೆ. ಮಂಡಿಗಿಂತ ನಮಗೆ ಸಿಗೋ 20 ರೂ. ಹೆಚ್ಚುವರಿ ಹಾಗೇ ಉಳಿದಿದೆ. ಇಳಿದಿದ್ದು ಪೇಟೆ, ನಮ್ಮ ಮಾಲಿನ ಬಗ್ಗೆ ಕೊಳ್ಳೋರ ಭಾವನೆ ಬದಲಾಗಿಲ್ಲ. ಮಂಡಿ ದರ ನಿಂತಲ್ಲೇ ನಿಂತು ನಮ್ಮದು ಮಾತ್ರ ಇಳಿದಿದ್ದರೆ ಕಾಯಿಯ ಗುಣಮಟ್ಟ, ವಿಂಗಡಣೆ, ಸಾಗಾಟ ಇವುಗಳ ಕಡೆ ನೋಡಬೇಕಾಗಿತ್ತು.

ಕ್ಯಾಲೆಂಡರ್ ತೆಗೆದು ನೋಡಿ

ಸೊಪ್ಪು ಏರಿದ್ದು ಯಾಕೆ? "ಶ್ರಾವಣ, ಹಬ್ಬಗಳು" ಅಂತ ಬರೆಯೋಕೆ ಕೈ ತುಡಿಯುತ್ತೆ. ಅದಕ್ಕೂ ಮುಂಚೆ ಶನಿವಾರಗಳನ್ನು ಎಣಿಸಿ. 2025ರ ಜುಲೈನಲ್ಲಿ ನಾಲ್ಕು ಶನಿವಾರ, ಆಗಸ್ಟಿನಲ್ಲಿ ಐದು. 4,000 ಕಟ್ಟನ್ನು ನಾಲ್ಕರಿಂದ, 5,000 ಕಟ್ಟನ್ನು ಐದರಿಂದ ಭಾಗಿಸಿದರೆ ಎರಡೂ ತಿಂಗಳು ಸಂತೆಗೆ 1,000 ಕಟ್ಟು. ಬೇಡಿಕೆ ಒಂದು ಕಟ್ಟೂ ಏರಿಲ್ಲ, ಒಂದು ಸಂತೆ ಜಾಸ್ತಿ ಬಂದಿದೆ ಅಷ್ಟೇ. ಇದನ್ನು ಬೆಳವಣಿಗೆ ಅಂದುಕೊಂಡು ಮಡಿ ಹೆಚ್ಚಿಸಿದರೆ, ನಾಲ್ಕೇ ಶನಿವಾರ ಇರೋ ಸೆಪ್ಟೆಂಬರಿನಲ್ಲಿ ಆ ಸೊಪ್ಪು ಗೊಬ್ಬರದ ಗುಂಡಿಗೆ ಹೋಗುತ್ತೆ. ಸೋಮವಾರದ ಬುಟ್ಟಿಗೆ ಈ ತೊಂದರೆ ಬಂದಿಲ್ಲ, ಎರಡೂ ತಿಂಗಳಲ್ಲಿ ನಾಲ್ಕೇ ಸೋಮವಾರ ಇದ್ದವು.

ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು, ನಮ್ಮ ಹಬ್ಬಗಳು ತಿಂಗಳು ದಾಟುತ್ತವೆ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, 2025ರಲ್ಲಿ ಆಗಸ್ಟ್ 27ಕ್ಕೆ. ಆಗಸ್ಟನ್ನು ಆಗಸ್ಟಿಗೆ ಹೋಲಿಸಿದರೆ ಒಂದರಲ್ಲಿ ಹಬ್ಬ ಇದೆ, ಇನ್ನೊಂದರಲ್ಲಿ ಇಲ್ಲ.

ಟಿಪ್ಪಣಿ ಹೀಗೆ ಬರೆಯಬಹುದು

"ಆಗಸ್ಟ್ ಮಾರಾಟ ಜುಲೈಗಿಂತ 24,000 ರೂ. ಕಡಿಮೆ. ಟೊಮೆಟೊ ಬೆಲೆ ಇಳಿದಿದ್ದರಿಂದ 32,000 ಹೋಗಿದೆ. ಮಂಡಿಯಲ್ಲೂ ಕೆಜಿಗೆ 20 ರೂ. ಇಳಿದಿದೆ, ನಮ್ಮ ಹೆಚ್ಚುವರಿ ಬೆಲೆ ಉಳಿದಿದೆ. ಬೀನ್ಸ್ ಪ್ರಮಾಣ ಇಳಿದಿದ್ದರಿಂದ 21,000 ಹೋಗಿದೆ. ಬೀಜ ತಡವಾಗಿ 8 ಗುಂಟೆ ಬಿತ್ತನೆ ಮುಂದೆ ಹೋಯಿತು, 290 ಕೆಜಿ ಆರ್ಡರ್ ಪೂರೈಸಲಾಗಲಿಲ್ಲ, ಗುಂಟೆವಾರು ಇಳುವರಿ ಚೆನ್ನಾಗಿದೆ. ಸೊಪ್ಪಿನಲ್ಲಿ ಬಂದ ಹೆಚ್ಚುವರಿ 12,000 ಐದನೇ ಶನಿವಾರದ್ದು, ಸೆಪ್ಟೆಂಬರಿನಲ್ಲಿ ಇರುವುದಿಲ್ಲ. ತಡವಾದ ಬೀನ್ಸ್ ಸೆಪ್ಟೆಂಬರ್ ಮೊದಲ ವಾರ ಕೊಯ್ಲಿಗೆ ಬರುತ್ತದೆ. ಬೀನ್ಸ್ ಬೆಲೆ 10 ರೂ. ಏರಿದ್ದು ಪೇಟೆಯಲ್ಲೂ ಮಾಲು ಕಡಿಮೆ ಇದ್ದುದರಿಂದ ಇರಬಹುದು, ತಾಳೆ ನೋಡಿಲ್ಲ."

ಪ್ರತಿ ಕಾರಣದ ಜೊತೆ ಅದು ಎಷ್ಟು ರೂಪಾಯಿಯ ಕಾರಣ, ಅದಕ್ಕೆ ಆಧಾರ ಏನು ಅಂತ ಇದೆ. ತಾಳೆ ನೋಡದ ವಿಷಯಕ್ಕೆ "ಇರಬಹುದು" ಅಂತ ಇದೆ. ಇವೆರಡನ್ನೂ ಕಲಸಬೇಡಿ, ಕಲಸಿದರೆ ಓದೋರಿಗೆ ಯಾವುದನ್ನು ನಂಬಿ ಬಿತ್ತಬೇಕು ಅಂತ ಗೊತ್ತಾಗಲ್ಲ.

ಈ ಟಿಪ್ಪಣಿ ಮುಂದಿನ ತಿಂಗಳ ಬಗ್ಗೆ ಎರಡು ಮಾತು ಹೇಳಿದೆ: ಸೊಪ್ಪು 4,000 ಕಟ್ಟಿನ ಹತ್ತಿರ ಇಳಿಯುತ್ತೆ, ಬೀನ್ಸ್ ಏರುತ್ತೆ. ಸೆಪ್ಟೆಂಬರ್ ವರದಿ ಬರೆಯೋಕೆ ಕೂತಾಗ ಮೊದಲು ಇವೆರಡನ್ನೂ ನೋಡಿ. ಬೀಜ ಬಿತ್ತಿದ 8 ಗುಂಟೆ ಕೊಯ್ಲಿಗೆ ಬಂದೂ ಬೀನ್ಸ್ ಏರದಿದ್ದರೆ ಆಗಸ್ಟಿನ ಕಾರಣದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಆಗ ಮತ್ತೆ ದಿನಚರಿ ತೆಗೆದು, ಗುಂಟೆವಾರು ಲೆಕ್ಕದಿಂದಲೇ ಶುರು ಮಾಡಿ.