ಬಂದು ಹೋಗುವ ಹುಣ್ಣು, ಬಂದು ಉಳಿಯುವ ಉರಿ

ಬಾಯಿಹುಣ್ಣು ಎಂದು ಬರುವವರನ್ನು ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಇದು ಶುರುವಾಗಿ ಎಷ್ಟು ದಿನವಾಯಿತು? ನಡುವೆ ಒಮ್ಮೆಯಾದರೂ ಪೂರ್ತಿ ವಾಸಿಯಾಗಿತ್ತೇ? ಮೊದಲನೆಯದಕ್ಕೆ ಥಟ್ಟನೆ ಉತ್ತರ ಬರುತ್ತದೆ, ಎರಡನೆಯದಕ್ಕೆ ತಡವರಿಸುತ್ತಾರೆ. ಅಷ್ಟರಲ್ಲಾಗಲೇ ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದು, ತುಪ್ಪ ಸವರಿ, ಮೆಡಿಕಲ್ ಶಾಪಿನಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗಿರುತ್ತಾರೆ. ಆದರೆ ಮುಂದಿನ ದಾರಿಯನ್ನು ತೋರಿಸುವುದು ಆ ಎರಡನೆಯ ಪ್ರಶ್ನೆಯೇ. ವಾಸಿಯಾಗಿ ಮತ್ತೆ ಬರುವ ಹುಣ್ಣಿಗೆ ಸಾಮಾನ್ಯವಾಗಿ ರಕ್ತಪರೀಕ್ಷೆ ಸಾಕು. ಬಂದಲ್ಲೇ ಉಳಿದದ್ದಕ್ಕೆ ಅಲ್ಲಿನ ಮಾಂಸದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಒಮ್ಮೆ ತಾಯಿ ಮತ್ತು ಮಗಳು ಒಟ್ಟಿಗೆ ಬಂದಿದ್ದರು. ತಾಯಿಗೆ 52, ಹೊಲಿಗೆ ಕೆಲಸ. ಮಗಳಿಗೆ 23. ಇಬ್ಬರೂ ಒಂದೇ ಮಾತ್ರೆಯನ್ನು ಹಂಚಿಕೊಂಡು ನುಂಗುತ್ತಿದ್ದರು. “ಡಾಕ್ಟ್ರೇ, ಅಮ್ಮಂಗೆ ಇರೋದೇ ನಂಗೂ ಬಂದಿರೋದಾ? ಅಂಟುತ್ತಾ ಇದು?” ಎಂದು ಮಗಳು ಕೇಳಿದಳು. ಇಬ್ಬರ ಬಾಯಿಯನ್ನೂ ದೀಪದ ಬೆಳಕಿನಲ್ಲಿ ನೋಡಿದಾಗ ಕಂಡದ್ದು ಬೇರೆ ಬೇರೆ ಕಾಯಿಲೆ. ಎರಡೂ ಅಂಟುವಂಥವಲ್ಲ.

ಮಗಳ ಕೆಳತುಟಿಯ ಒಳಗೆ ಎರಡು, ನಾಲಿಗೆಯ ಅಡಿಯಲ್ಲಿ ಒಂದು ಹುಣ್ಣಿತ್ತು. ದುಂಡಗೆ, 3-4 ಮಿಲಿಮೀಟರ್ ಅಗಲ, ನಡುವೆ ಹಳದಿ ಮಿಶ್ರಿತ ಬಿಳಿ ಪೊರೆ, ಸುತ್ತ ಕೆಂಪು ಅಂಚು. ಹೈಸ್ಕೂಲಿನಿಂದಲೂ ಬರುತ್ತಿವೆ, ಹತ್ತು ದಿನದೊಳಗೆ ಹೋಗುತ್ತವೆ, ಹೋದಮೇಲೆ ಗುರುತೂ ಇರುವುದಿಲ್ಲ, ತಿಂಗಳು ಕಳೆದರೆ ಇನ್ನೊಂದು ಜಾಗದಲ್ಲಿ ಎದ್ದಿರುತ್ತವೆ ಎಂದಳು. ಇದು ಮರುಕಳಿಸುವ ಆಫ್ತಸ್ ಹುಣ್ಣು. ಬಾಯಿಯೊಳಗಿನ ಮೆತ್ತಗಿನ, ಅಲುಗಾಡುವ ಚರ್ಮವೇ ಇದರ ಜಾಗ: ತುಟಿಯ ಒಳಭಾಗ, ಕೆನ್ನೆಯ ಒಳಭಾಗ, ನಾಲಿಗೆಯ ಅಡಿ. ಗಟ್ಟಿಯಾದ ಅಂಗಳದ ಮೇಲಾಗಲಿ, ಹಲ್ಲಿಗೆ ಅಂಟಿಕೊಂಡ ವಸಡಿನ ಮೇಲಾಗಲಿ ಇದು ಸಾಮಾನ್ಯವಾಗಿ ಏಳುವುದಿಲ್ಲ. ಬರುವ ಒಂದೆರಡು ದಿನ ಮೊದಲೇ ಆ ಜಾಗ ಚುರುಗುಟ್ಟುತ್ತದೆ. ಗಾತ್ರಕ್ಕೆ ಮೀರಿದ ನೋವು ಇದರ ಸ್ವಭಾವ.

ಇಂಥ ಹುಣ್ಣಿಗೆ ಬಯಾಪ್ಸಿ ಬೇಕಿಲ್ಲ. ಮಾಡಿದರೂ ವರದಿಯಲ್ಲಿ “ಸಾಮಾನ್ಯ ಹುಣ್ಣು, ಉರಿಯೂತ” ಎನ್ನುವುದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ, ಏಕೆಂದರೆ ಆಫ್ತಸ್‌ಗೆ ತನ್ನದೇ ಆದ ಸೂಕ್ಷ್ಮದರ್ಶಕದ ಗುರುತಿಲ್ಲ. ಹುಡುಕಬೇಕಾದದ್ದು ರಕ್ತದಲ್ಲಿ: ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್, ಬಿ12, ಫೋಲೇಟ್. ಈ ಹುಡುಗಿಗೆ ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಿತ್ತು. ಹಿಮೋಗ್ಲೋಬಿನ್ 9.4, ಫೆರಿಟಿನ್ ತೀರಾ ಕೆಳಗೆ. ವರ್ಷಗಟ್ಟಲೆ ನುಂಗಿದ ಬಿ-ಕಾಂಪ್ಲೆಕ್ಸ್‌ನಲ್ಲಿ ಅವಳಿಗೆ ಬೇಕಾದ ಕಬ್ಬಿಣವೇ ಇರಲಿಲ್ಲ. ಸ್ತ್ರೀರೋಗ ತಜ್ಞರಲ್ಲಿಗೆ ಕಳಿಸಿ, ಕಬ್ಬಿಣದ ಮಾತ್ರೆ ಶುರುಮಾಡಿದೆವು. ಹೆಚ್ಚು ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್ ಬಳಸಲು ಹೇಳಿದೆವು, ಕೆಲವರಿಗೆ ಅದರಿಂದ ಹುಣ್ಣು ಕಡಿಮೆಯಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಅವಳ ಹುಣ್ಣುಗಳು ಪೂರ್ತಿ ನಿಂತಿರಲಿಲ್ಲ, ಆದರೆ ಅಪರೂಪವಾಗಿದ್ದವು. ರಕ್ತದಲ್ಲಿ ಯಾವ ಕೊರತೆಯೂ ಸಿಗದವರೇ ಹೆಚ್ಚು ಎಂಬುದನ್ನೂ ಹೇಳಬೇಕು. ಅಂಥವರಿಗೆ ಹುಣ್ಣಿನ ಮೇಲೆ ಹಚ್ಚುವ ಸ್ಟೀರಾಯ್ಡ್ ಮುಲಾಮು ನೋವಿನ ದಿನಗಳನ್ನು ಕಡಿಮೆ ಮಾಡುತ್ತದೆ, ಮುಂದಿನ ಹುಣ್ಣನ್ನು ತಡೆಯುವುದಿಲ್ಲ.

ಒಂದು ಎಚ್ಚರಿಕೆ. ಬಾಯಿಹುಣ್ಣಿನ ಜೊತೆಗೆ ಜನನಾಂಗದ ಮೇಲೂ ಹುಣ್ಣು ಬರುತ್ತಿದ್ದರೆ, ಕಣ್ಣು ಕೆಂಪಾಗಿ ಮಂಜಾಗುತ್ತಿದ್ದರೆ, ತಿಂಗಳುಗಟ್ಟಲೆ ಭೇದಿಯಾಗಿ ತೂಕ ಇಳಿಯುತ್ತಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು. ಬೆಹ್ಚೆಟ್ ಕಾಯಿಲೆ, ಕರುಳಿನ ಕ್ರೋನ್ಸ್ ಕಾಯಿಲೆಗಳು ಬಾಯಿಯಲ್ಲೇ ಮೊದಲು ಕಾಣಿಸಿಕೊಳ್ಳಬಹುದು.

ಇನ್ನು ತಾಯಿ. ಆಕೆಗೆ ಎಂಟು ತಿಂಗಳಿನಿಂದ ಉರಿ. ಸಾರಿನ ಖಾರ ಹೋಗಲಿ, ಟೂತ್‌ಪೇಸ್ಟ್ ತಾಗಿದರೂ ಕಣ್ಣಲ್ಲಿ ನೀರು. ಒಂದು ದಿನವೂ ಪೂರ್ತಿ ಹೋಗಿಲ್ಲ. ಕೆನ್ನೆಯನ್ನು ಕನ್ನಡಿಯಿಂದ ಸರಿಸಿ ನೋಡಿದರೆ ಎರಡೂ ಕಡೆ, ಹಿಂಬದಿಯ ದವಡೆ ಹಲ್ಲುಗಳ ಎದುರಿಗೆ, ಜೇಡರ ಬಲೆಯಂತೆ ಹೆಣೆದುಕೊಂಡ ಸಣ್ಣ ಬಿಳಿ ಗೆರೆಗಳು. ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಒರೆಸಿದರೂ ಹೋಗಲಿಲ್ಲ. ಎಡಗಡೆ ಗೆರೆಗಳ ನಡುವೆ ಕೆಂಪಗೆ ಸುಲಿದ ಜಾಗ, ಅದರ ನಡುವೆ ಆಕಾರವಿಲ್ಲದ ಒಂದು ಹುಣ್ಣು. ಮೇಲಿನ ವಸಡು ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

ಇದು ಬಾಯಿಯ ಲೈಕೆನ್ ಪ್ಲೇನಸ್. ಕಾಯಿಲೆಗೆ ಈ ಹೆಸರು ಬಂದದ್ದು 1869ರಲ್ಲಿ, ಲಂಡನ್ನಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ ಅವರಿಂದ. ಆ ಬಿಳಿ ಗೆರೆಗಳನ್ನು 1895ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಲೂಯಿ ವಿಕಮ್ ಅವರ ಹೆಸರು ಇಂದಿಗೂ ಆ ಗೆರೆಗಳಿಗಿದೆ. ನಮ್ಮನ್ನು ಕಾಯಬೇಕಾದ ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಬಾಯಿಯ ಚರ್ಮದ ತಳದ ಸಾಲಿನ ಜೀವಕೋಶಗಳ ಮೇಲೇ ಎರಗುತ್ತವೆ. ತಳದ ಸಾಲು ಹಾಳಾದಲ್ಲಿ ಮೇಲಿನ ಚರ್ಮ ತೆಳುವಾಗಿ, ಕೆಂಪಾಗಿ, ಕೊನೆಗೆ ಸುಲಿಯುತ್ತದೆ. ಕಾಯಿಲೆ ಹೆಚ್ಚಾಗಿ ನಡುವಯಸ್ಸು ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ. ಬರೀ ಬಿಳಿ ಗೆರೆ ಇರುವವರಿಗೆ ಸಾಮಾನ್ಯವಾಗಿ ಉರಿಯೇ ಇರುವುದಿಲ್ಲ, ಬೇರೆ ಯಾವುದೋ ಹಲ್ಲು ತೋರಿಸಲು ಬಂದಾಗ ನಾವು ಕಾಣುತ್ತೇವೆ. ಸಣ್ಣ ಆಫ್ತಸ್ ಹುಣ್ಣಿನಂತೆ ಇದೂ ಹತ್ತು ದಿನದಲ್ಲಿ ಹೋದೀತೆಂದು ಕಾಯುವಂತಿಲ್ಲ. ವರ್ಷಗಟ್ಟಲೆ ಏರುತ್ತ ಇಳಿಯುತ್ತ ಇರುತ್ತದೆ.

ನೋಡಿದ ಕೂಡಲೇ ಹೆಸರು ಗೊತ್ತಾದ ಮೇಲೆ ಬಯಾಪ್ಸಿ ಏಕೆ? ಈಕೆಯ ವಿಷಯದಲ್ಲಿ ಮೂರು ಸಂಶಯಗಳಿದ್ದವು. ಈಕೆ ಎಲೆ-ಅಡಿಕೆ ಹಾಕುತ್ತಿದ್ದರು, ಹೊಗೆಸೊಪ್ಪು ಸೇರಿಸಿ, ಇಟ್ಟುಕೊಳ್ಳುತ್ತಿದ್ದದ್ದು ಎಡಗೆನ್ನೆಯಲ್ಲಿ. ಕವಳ ಇಡುವ ಜಾಗದಲ್ಲೇ ಲೈಕೆನ್ ಪ್ಲೇನಸ್‌ನಂಥ ಗೆರೆಗಳು ಏಳುವುದುಂಟು, ಅಲ್ಲೇ ಕ್ಯಾನ್ಸರಿನ ಪೂರ್ವಸ್ಥಿತಿಯೂ ಅಡಗಿರಬಹುದು. ಬಿ.ಪಿ.ಗೆ ಅಟೆನೊಲಾಲ್ ಮಾತ್ರೆ ನುಂಗುತ್ತಿದ್ದರು, ಕೆಲವು ಬಿ.ಪಿ. ಮಾತ್ರೆಗಳು ಮತ್ತು ನೋವಿನ ಮಾತ್ರೆಗಳು ಇದೇ ರೂಪದ ಪ್ರತಿಕ್ರಿಯೆ ತರಬಲ್ಲವು. ಮೂರನೆಯದು ಸುಲಿಯುತ್ತಿದ್ದ ವಸಡು. ಪೆಂಫಿಗಸ್, ಪೆಂಫಿಗಾಯ್ಡ್ ಎಂಬ ಗುಳ್ಳೆ ಕಾಯಿಲೆಗಳಲ್ಲೂ ವಸಡು ಹೀಗೆಯೇ ಕಾಣುತ್ತದೆ, ಚಿಕಿತ್ಸೆ ಮಾತ್ರ ಬೇರೆ.

“ಚುಚ್ಚಿದ್ರೆ ಎಲ್ಲಾ ಕಡೆ ಹರಡುತ್ತಂತಲ್ಲ ಡಾಕ್ಟ್ರೇ?” ಎಂದರು ಆಕೆ. ಈ ಭಯ ನಮ್ಮ ಕಡೆ ಬಹಳ ಆಳವಾಗಿದೆ, ಇದರಿಂದ ಜನ ತಿಂಗಳುಗಟ್ಟಲೆ ತಡಮಾಡುತ್ತಾರೆ. ಬಾಯಿಯ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆಂದು ಹೆದರಿ ಮುಂದೂಡಲು ಕಾರಣವಿಲ್ಲ. ತಡಮಾಡಿದರೆ ಹರಡುತ್ತದೆ.

ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಸೂಜಿಯನ್ನೇ ಕೊಡುತ್ತೇವೆ. ತೆಗೆಯುವ ಚೂರು ಸುಮಾರು 5 ಮಿಲಿಮೀಟರ್, ಮೇಲೆ ಒಂದೆರಡು ಹೊಲಿಗೆ, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಗಾಯ ಒಂದೆರಡು ವಾರದಲ್ಲಿ ಮಾಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಅದನ್ನೂ ಹೇಳಬೇಕು, ಅದು ಒಳಗಿನ ಚಿತ್ರವನ್ನು ಬದಲಿಸಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಚೂರನ್ನು ಎಲ್ಲಿಂದ ತೆಗೆಯುತ್ತೇವೆ ಎಂಬುದು. ಹುಣ್ಣಿನ ನಟ್ಟನಡುವೆ ಮೇಲ್ಪದರವೇ ಇರುವುದಿಲ್ಲ. ಕಾಯಿಲೆ ನಡೆಯುತ್ತಿರುವುದು ಆ ಪದರದ ತಳದಲ್ಲಿ, ಹಾಗಾಗಿ ನಡುವಿನಿಂದ ತೆಗೆದ ಚೂರಿನ ವರದಿ “ನಿರ್ದಿಷ್ಟವಾಗಿ ಹೇಳಲಾಗದು” ಎಂದು ಬರುತ್ತದೆ. ಆಕೆಯ ಎಡಗೆನ್ನೆಯಲ್ಲಿ ಹುಣ್ಣನ್ನು ಬಿಟ್ಟು, ಕೆಂಪು ಜಾಗ ಬಿಳಿ ಗೆರೆಗೆ ಸೇರುವ ಅಂಚಿನಿಂದ ಒಂದು ಚೂರು ತೆಗೆದು ಫಾರ್ಮಲಿನ್‌ಗೆ ಹಾಕಿದೆವು. ವಸಡಿನ ಹತ್ತಿರ, ಸುಲಿಯದೆ ಉಳಿದಿದ್ದ ಭಾಗದಿಂದ ಇನ್ನೊಂದನ್ನು ತೆಗೆದೆವು. ಅದನ್ನು ಫಾರ್ಮಲಿನ್‌ಗೆ ಹಾಕುವಂತಿಲ್ಲ, ಮಿಷೆಲ್ ದ್ರಾವಣದಲ್ಲಿಟ್ಟು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ ಕಳಿಸಬೇಕು. ಗುಳ್ಳೆ ಕಾಯಿಲೆಗಳು ಹೊರಬೀಳುವುದು ಅದರಲ್ಲಿ.

ವರದಿ ಬಂತು. ತಳದ ಸಾಲು ಕರಗಿದೆ, ಅದರ ಕೆಳಗೆ ಲಿಂಫೋಸೈಟ್‌ಗಳು ಪಟ್ಟಿಯಂತೆ ಗುಂಪುಗೂಡಿವೆ, ಡಿಸ್‌ಪ್ಲೇಸಿಯಾ ಇಲ್ಲ. ಈ ಕೊನೆಯ ಎರಡು ಪದಗಳಿಗಾಗಿಯೇ ನಾವು ಕಾಯುತ್ತಿರುತ್ತೇವೆ. ಡಿಸ್‌ಪ್ಲೇಸಿಯಾ ಎಂದರೆ ಜೀವಕೋಶಗಳ ಆಕಾರ, ಜೋಡಣೆ ಕೆಟ್ಟು ಕ್ಯಾನ್ಸರಿನ ದಾರಿ ಹಿಡಿದಿರುವುದು. ಎರಡನೆಯ ಚೂರಿನಲ್ಲಿ ಪೆಂಫಿಗಸ್, ಪೆಂಫಿಗಾಯ್ಡ್‌ನ ಗುರುತು ಇರಲಿಲ್ಲ. ಟ್ರಯಾಮ್ಸಿನೊಲೋನ್ ಮುಲಾಮನ್ನು ಊಟವಾದ ಮೇಲೆ, ಜಾಗವನ್ನು ಒಣಗಿಸಿ ಹಚ್ಚಿ, ಅರ್ಧ ಗಂಟೆ ನೀರನ್ನೂ ಕುಡಿಯಬಾರದೆಂದು ಹೇಳಿದೆವು. ಅದನ್ನು ಹಚ್ಚುವವರಿಗೆ ಕೆಲವೊಮ್ಮೆ ಮೊಸರಿನ ಚೂರಿನಂಥ ಬಿಳಿ ಪದರ ಏಳುತ್ತದೆ, ಒರೆಸಿದರೆ ಹೋಗುತ್ತದೆ. ಅದು ಶಿಲೀಂಧ್ರದ ಸೋಂಕು, ಬೇರೆ ಔಷಧಿ ಬೇಕು. ಬಿ.ಪಿ. ಮಾತ್ರೆ ಬದಲಿಸಬಹುದೇ ಎಂದು ಅವರ ವೈದ್ಯರಿಗೆ ಪತ್ರ ಬರೆದೆವು. ಹೊಗೆಸೊಪ್ಪು ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಆದರೆ ಬಿಟ್ಟರು. ಆರು ವಾರದಲ್ಲಿ ಹುಣ್ಣು ಮಾಯಿತು, ಉರಿ ತಗ್ಗಿತು. ಬಿಳಿ ಗೆರೆಗಳು ಇನ್ನೂ ಇವೆ. ಅವು ಇರಲಿ, ನೋವಿಲ್ಲದ ಗೆರೆಗೆ ಮುಲಾಮು ಬೇಡ.

ಆದರೂ ಆಕೆ ಆರು ತಿಂಗಳಿಗೊಮ್ಮೆ ಬರಬೇಕು. ಲೈಕೆನ್ ಪ್ಲೇನಸ್ ಇರುವ ನೂರು ಜನರಲ್ಲಿ ಸುಮಾರು ಒಬ್ಬರಿಗೆ ವರ್ಷಗಳ ಅವಧಿಯಲ್ಲಿ ಅಲ್ಲಿ ಕ್ಯಾನ್ಸರ್ ಆಗಬಹುದು. ಕೆಂಪಗೆ ಸುಲಿದ ಬಗೆಯಲ್ಲಿ, ತಂಬಾಕು ಬಳಸುವವರಲ್ಲಿ ಆತಂಕ ಹೆಚ್ಚು. ಒಮ್ಮೆ ವರದಿ ಚೆನ್ನಾಗಿ ಬಂದಿದೆ ಎಂದು ಜೀವನಪೂರ್ತಿ ನಿಶ್ಚಿಂತರಾಗುವಂತಿಲ್ಲ. ಮುಲಾಮಿಗೆ ಬಗ್ಗದ ಹುಣ್ಣು, ದಪ್ಪಗಾದ ಬಿಳಿ ಮಚ್ಚೆ, ಗಟ್ಟಿಯಾದ ಗಂಟು ಕಂಡರೆ ಮತ್ತೆ ಬಯಾಪ್ಸಿ ಮಾಡುತ್ತೇವೆ. ಎರಡೂ ಕೆನ್ನೆಯಲ್ಲಿ ಬರೀ ಗೆರೆಗಳಿದ್ದು ನೋವಿಲ್ಲದಿದ್ದರೆ ಸುಮ್ಮನೆ ಗಮನಿಸುತ್ತಿದ್ದರೆ ಸಾಕು ಎನ್ನುವ ವೈದ್ಯರಿದ್ದಾರೆ. ಅಡಿಕೆ, ಹೊಗೆಸೊಪ್ಪು ಇಷ್ಟು ಸಾಮಾನ್ಯವಾಗಿರುವ ನಮ್ಮ ನಾಡಿನಲ್ಲಿ ಮೊದಲ ಸಲ ಒಮ್ಮೆ ಬಯಾಪ್ಸಿ ಮಾಡಿಸಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇವೆರಡೂ ಅಲ್ಲದ ಮೂರನೆಯ ಹುಣ್ಣೇ ನಿಜವಾಗಿ ಹೆದರಬೇಕಾದದ್ದು. ಒಂದೇ ಒಂದು, ಒಂದೇ ಜಾಗದಲ್ಲಿ, ಹೆಚ್ಚಾಗಿ ನಾಲಿಗೆಯ ಪಕ್ಕ ಅಥವಾ ಕವಳ ಇಡುವ ಕೆನ್ನೆ. ಅಂಚು ಎದ್ದಿರುತ್ತದೆ, ಒತ್ತಿದರೆ ಬುಡ ಗಟ್ಟಿ. ಮೊದಮೊದಲು ನೋವೇ ಇಲ್ಲದಿರಬಹುದು, ಅದರಿಂದಲೇ ಜನ ಮೋಸಹೋಗುತ್ತಾರೆ. ಚೂಪಾದ ಹಲ್ಲು ತಾಗುತ್ತಿದ್ದರೆ ಅದನ್ನು ನಯಮಾಡಿ ಎರಡು ವಾರ ನೋಡುತ್ತೇವೆ. ಬಾಯಿಯ ಚರ್ಮ ಬೇಗ ಹೊಸದಾಗುವಂಥದ್ದು, ಕಾರಣ ಹೋದಮೇಲೆ ಸಾಮಾನ್ಯ ಗಾಯ ಅಷ್ಟರಲ್ಲಿ ಮಾಯುತ್ತದೆ. ಮಾಯದಿದ್ದರೆ ಬಯಾಪ್ಸಿ. ಆಫ್ತಸ್‌ನಲ್ಲೂ 1 ಸೆಂಟಿಮೀಟರ್ ಮೀರುವ ದೊಡ್ಡ ಬಗೆಯೊಂದಿದೆ, ಮಾಯಲು ಆರು ವಾರ ಅಥವಾ ಇನ್ನೂ ಹೆಚ್ಚು ಬೇಕು, ಕಲೆ ಉಳಿಯುತ್ತದೆ. ಅಂಥದ್ದರಿಂದಲೂ ಚೂರು ತೆಗೆದು ನೋಡುವುದೇ ಕ್ಷೇಮ.

ಮೂರು ವಾರ ದಾಟಿದ ಯಾವ ಹುಣ್ಣನ್ನೂ, ಒರೆಸಿದರೆ ಹೋಗದ ಯಾವ ಬಿಳಿ ಅಥವಾ ಕೆಂಪು ಮಚ್ಚೆಯನ್ನೂ ಮನೆಮದ್ದಿನ ಮೇಲೆ ಬಿಡಬೇಡಿ. ಹತ್ತಿರದ ದಂತ ವೈದ್ಯಕೀಯ ಕಾಲೇಜಿನಲ್ಲಿ ಓರಲ್ ಮೆಡಿಸಿನ್ ವಿಭಾಗವಿರುತ್ತದೆ, ಅಲ್ಲಿ ತೋರಿಸಿ. ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಹಚ್ಚಿದ ಮುಲಾಮಿನ ಟ್ಯೂಬ್ ಜೊತೆಗಿರಲಿ. ಮೊದಲ ದಿನವೇ ಹುಣ್ಣಿನ ಒಂದು ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಅದೇ ಜಾಗದಲ್ಲಿ ಎಷ್ಟು ದಿನದಿಂದ ಇದೆ ಎಂಬ ಪ್ರಶ್ನೆಗೆ ದಿನಾಂಕ ಸಮೇತ ಉತ್ತರ ಸಿಗುತ್ತದೆ.