ಮೀನಿನ ಕೊಬ್ಬು ರಕ್ತದ ಕೊಬ್ಬನ್ನು ಇಳಿಸುವುದು ಹೇಗೆ? ಅಗಸಿ ಹಿಂಡಿ ಅದೇ ಕೆಲಸ ಮಾಡುವುದೇ?

ಕೊಬ್ಬಿನ ಪಾಠ ಮಾಡುವಾಗ ನಮ್ಮ ಭಾಗದ ತರಗತಿಗಳಲ್ಲಿ ಎರಡು ಪ್ರಶ್ನೆಗಳು ಎದುರಾಗುತ್ತವೆ. ಶಹಾಪುರದ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆಯ ವೇಳೆ ಒಬ್ಬ ವಿದ್ಯಾರ್ಥಿ ಮೊದಲನೆಯದನ್ನು ಕೇಳಿದ: "ಸರ್, ಮೀನೆಣ್ಣಿನೂ ಕೊಬ್ಬೇ ಅಲ್ರಿ? ಕೊಬ್ಬು ತಿಂದ್ರ ಕೊಬ್ಬು ಹೆಂಗ ಕಡಿಮಿ ಆಗ್ತದ್ರಿ?" ಎರಡನೆಯದು ಮೀನು ತಿನ್ನದ ಮನೆಯ ಹುಡುಗಿಯದು: "ಅಗಸಿ ಹಿಂಡಿ ತಿಂದ್ರ ಸಾಕಲ್ರಿ?" ಎರಡಕ್ಕೂ ಪಠ್ಯಪುಸ್ತಕದಲ್ಲಿ ನೇರ ಉತ್ತರವಿಲ್ಲ. ಮಕ್ಕಳು ನಮ್ಮ ಉತ್ತರವನ್ನು ಮನೆಗೆ ಒಯ್ಯುತ್ತಾರೆ, ಅಲ್ಲಿ ರಕ್ತಪರೀಕ್ಷೆಯ ವರದಿ ಹಿಡಿದ ಹಿರಿಯರು ಇರುತ್ತಾರೆ. ಆದ್ದರಿಂದ ವಿಜ್ಞಾನ ಬೋಧಿಸುವ ಸಹಪಾಠಿಗಳಿಗಾಗಿ ಈ ವಿವರಣೆ.

ಮೊದಲು ಟ್ರೈಗ್ಲಿಸರೈಡ್ ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಅದು ನಾವು ತಿಂದ ಎಣ್ಣೆಯಿಂದ ಮಾತ್ರ ಬರುವುದಿಲ್ಲ. ರೊಟ್ಟಿ, ಅನ್ನ, ಸಕ್ಕರೆ ದೇಹದ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಿನಾಮ್ಲವಾಗಿ ಬದಲಿಸುತ್ತದೆ. ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್‌ಗೆ ಸೇರಿದರೆ ಟ್ರೈಗ್ಲಿಸರೈಡ್. ಯಕೃತ್ತು ಅದನ್ನು ವಿ.ಎಲ್.ಡಿ.ಎಲ್. ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಸ್ನಾಯು ಮತ್ತು ಕೊಬ್ಬಿನ ಅಂಗಾಂಶಗಳ ಬಳಿ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಅದನ್ನು ಒಡೆದು ಒಳಗೆ ಇಳಿಸಿಕೊಳ್ಳುತ್ತದೆ. ಶಹಾಪುರದ ಮಕ್ಕಳಿಗೆ ಹತ್ತಿಯ ಜಿನ್ನಿಂಗ್ ಮಿಲ್ ಗೊತ್ತು. ಮಿಲ್ ಎಂದರೆ ಯಕೃತ್ತು, ಹೊರಡುವ ಲಾರಿ ಎಂದರೆ ವಿ.ಎಲ್.ಡಿ.ಎಲ್., ಸರಕು ಇಳಿಸುವ ಹಮಾಲರು ಎಂದರೆ ಆ ಕಿಣ್ವ. ರಸ್ತೆಯಲ್ಲಿ ಎಷ್ಟು ಸರಕು ನಿಂತಿದೆ ಎಂಬುದೇ ರಕ್ತದ ವರದಿಯಲ್ಲಿ ಕಾಣುವ ಅಂಕಿ.

ಮೀನಿನಲ್ಲಿರುವ ಇ.ಪಿ.ಎ. ಮತ್ತು ಡಿ.ಎಚ್.ಎ. ಎಂಬ ಒಮೆಗಾ 3 ಕೊಬ್ಬಿನಾಮ್ಲಗಳು ಈ ವ್ಯವಸ್ಥೆಯಲ್ಲಿ ಮೂರು ಕಡೆ ಕೈ ಹಾಕುತ್ತವೆ. ಹೊಸ ಕೊಬ್ಬಿನಾಮ್ಲ ತಯಾರಿಸುವ ಕಿಣ್ವಗಳ ಜೀನ್‌ಗಳನ್ನು ಚಾಲನೆಗೊಳಿಸುವ ಪ್ರೋಟೀನ್ ಒಂದನ್ನು ಅವು ತಗ್ಗಿಸುತ್ತವೆ. ಹೀಗೆ ಮಿಲ್ಲಿಗೆ ಬರುವ ಹತ್ತಿಯೇ ಕಡಿಮೆಯಾಗುತ್ತದೆ. ಇರುವ ಕೊಬ್ಬಿನಾಮ್ಲವನ್ನು ಯಕೃತ್ತಿನ ಕೋಶಗಳಲ್ಲಿ ಹೆಚ್ಚು ಉರಿಸುವಂತೆ ಮಾಡುವುದರಿಂದ ಲಾರಿಗಳಲ್ಲಿ ತುಂಬುವ ಸರಕೂ ಕಡಿಮೆಯಾಗುತ್ತದೆ. ಕೊನೆಗೆ, ರಕ್ತದಲ್ಲಿ ಲೈಪೇಸ್‌ನ ಕೆಲಸ ಚುರುಕಾಗಿ ಸರಕು ಬೇಗ ಇಳಿಯುತ್ತದೆ. ಅಂದರೆ ಈ ಕೊಬ್ಬಿನಾಮ್ಲಗಳು ಬರಿಯ ಇಂಧನವಲ್ಲ, ಯಕೃತ್ತಿಗೆ ಸೂಚನೆಯೂ ಹೌದು. ಮೊದಲ ಪ್ರಶ್ನೆಗೆ ಇದೇ ಉತ್ತರ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಸಮುದ್ರದ ಕೊಬ್ಬನ್ನೇ ಹೆಚ್ಚಾಗಿ ತಿಂದರೂ ಅವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಕಡಿಮೆ ಇರುವುದನ್ನು ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ 1970ರ ದಶಕದ ಆರಂಭದಲ್ಲಿ ವರದಿ ಮಾಡಿದಾಗಲೇ ಈ ಹುಡುಕಾಟ ಬಿರುಸಾದದ್ದು.

ಇನ್ನು ಉರಿಯೂತ. ಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಒಮೆಗಾ 6 ಕೊಬ್ಬಿನಾಮ್ಲ ಇರುತ್ತದೆ. ಕರಿಹಲಗೆಯ ಮೇಲೆ ಅದನ್ನೂ ಇ.ಪಿ.ಎ.ಯನ್ನೂ ಒಂದರ ಕೆಳಗೆ ಒಂದು ಬರೆದು ಮಕ್ಕಳಿಂದಲೇ ಎಣಿಸಿ. ಎರಡರಲ್ಲೂ 20 ಕಾರ್ಬನ್. ಮೊದಲನೆಯದರಲ್ಲಿ 4 ದ್ವಿಬಂಧ, ಎರಡನೆಯದರಲ್ಲಿ 5. ಮಿಥೈಲ್ ತುದಿಯಿಂದ ಎಣಿಸಿದರೆ ಮೊದಲ ದ್ವಿಬಂಧ ಒಂದರಲ್ಲಿ 6ನೇ ಕಾರ್ಬನ್ನಿನಲ್ಲಿ, ಇನ್ನೊಂದರಲ್ಲಿ 3ನೆಯದರಲ್ಲಿ. ಒಮೆಗಾ 6, ಒಮೆಗಾ 3 ಎಂಬ ಹೆಸರು ಬಂದದ್ದು ಹೀಗೆ.

ಗಾಯವಾದಾಗ ಪೊರೆಯಿಂದ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲವನ್ನು ಸೈಕ್ಲೋಆಕ್ಸಿಜನೇಸ್ ಕಿಣ್ವ ಹಿಡಿದು, ನೋವು ಮತ್ತು ಊತ ತರುವ ಪ್ರೋಸ್ಟಾಗ್ಲಾಂಡಿನ್‌ಗಳಾಗಿ ಬದಲಿಸುತ್ತದೆ. ಆಸ್ಪಿರಿನ್ ತಡೆಯುವುದು ಇದೇ ಕಿಣ್ವವನ್ನು. ಮತ್ತೊಂದು ಕಿಣ್ವ ಅದೇ ಆಮ್ಲದಿಂದ ಬಿಳಿ ರಕ್ತಕಣಗಳನ್ನು ಕರೆಯುವ ಲ್ಯೂಕೋಟ್ರಯೀನ್ ಬಿ4 ತಯಾರಿಸುತ್ತದೆ. ಪೊರೆಯಲ್ಲಿ ಇ.ಪಿ.ಎ. ಸೇರಿಕೊಂಡರೆ ಅವೇ ಕಿಣ್ವಗಳು ಅದನ್ನೂ ಹಿಡಿಯುತ್ತವೆ. ಆದರೆ ಆಗ ಹೊರಬರುವುದು ಲ್ಯೂಕೋಟ್ರಯೀನ್ ಬಿ5, ಅದರ ಕರೆ ಬಹಳ ದುರ್ಬಲ. ಬೀಗ ಒಂದೇ, ಕೀಲಿಯೂ ಹೆಚ್ಚುಕಡಿಮೆ ಒಂದೇ ಆಕಾರ, ಆದರೆ ಸರಿಯಾಗಿ ತಿರುಗುವುದಿಲ್ಲ. ಇದಲ್ಲದೆ ಇ.ಪಿ.ಎ. ಮತ್ತು ಡಿ.ಎಚ್.ಎ.ಗಳಿಂದ ರಿಸಾಲ್ವಿನ್ ಎಂಬ ಅಣುಗಳೂ ಆಗುತ್ತವೆ, ಅವು ಉರಿಯೂತ ಮುಗಿಯಲು ನೆರವಾಗುತ್ತವೆ. ಪೊರೆಯ ಕೊಬ್ಬು ಬದಲಾಗಲು ವಾರಗಟ್ಟಲೆ ಬೇಕು. ಆದ್ದರಿಂದ ಇದು ಆಸ್ಪಿರಿನ್‌ನಂತೆ ಗಂಟೆಯೊಳಗೆ ನೋವು ಇಳಿಸುವ ಮಾತಲ್ಲ.

ಎರಡನೇ ಪ್ರಶ್ನೆ ಅಗಸೆಯದು. ಅಗಸೆ ಎಣ್ಣೆಯ ಅರ್ಧದಷ್ಟು ಭಾಗ ಒಮೆಗಾ 3 ನಿಜ, ಆದರೆ ಅದು 18 ಕಾರ್ಬನ್ನಿನ ಆಲ್ಫಾ ಲಿನೋಲೆನಿಕ್ ಆಮ್ಲ. ಮೇಲಿನ ಕೆಲಸಗಳಿಗೆ ಅದು ಮೊದಲು ಉದ್ದವಾಗಿ ಇ.ಪಿ.ಎ. ಆಗಬೇಕು. ನಮ್ಮ ದೇಹದಲ್ಲಿ ನೂರರಲ್ಲಿ ಹತ್ತು ಪಾಲೂ ಹಾಗೆ ಬದಲಾಗುವುದಿಲ್ಲ, ಡಿ.ಎಚ್.ಎ. ಆಗುವುದಂತೂ ಇನ್ನೂ ಕಡಿಮೆ. ಇಲ್ಲಿ ನಮ್ಮ ಅಡುಗೆಮನೆಯ ಇನ್ನೊಂದು ಸಂಗತಿ ಇದೆ. ಕುಸುಬೆ ಎಣ್ಣೆಯಲ್ಲಿ ಬಹುಪಾಲು ಲಿನೋಲೆಯಿಕ್ ಆಮ್ಲ ಎಂಬ ಒಮೆಗಾ 6. ಈ ಬದಲಾವಣೆಗೆ ಬೇಕಾದ ಕಿಣ್ವಕ್ಕಾಗಿ ಅದೂ ಸರದಿಯಲ್ಲಿ ನಿಲ್ಲುತ್ತದೆ. ಅಗಸಿ ಹಿಂಡಿ ಒಳ್ಳೆಯ ಆಹಾರವೇ, ಆದರೆ ಟ್ರೈಗ್ಲಿಸರೈಡ್ ಇಳಿಸುವಲ್ಲಿ ಮೀನೆಣ್ಣೆಗೆ ಸಮವಲ್ಲ. ಎಲ್ಲ ಮೀನೂ ಒಂದೇ ಅಲ್ಲ. ಭೀಮಾ, ಕೃಷ್ಣಾ ನದಿಗಳಲ್ಲಿ, ನಾರಾಯಣಪುರದ ಬಸವಸಾಗರದಲ್ಲಿ ಸಿಗುವ ಕಟ್ಲಾ, ರೋಹುಗಳಿಗಿಂತ ಕರಾವಳಿಯ ಬಂಗುಡೆ, ಬೂತಾಯಿಗಳಲ್ಲಿ ಇವು ಹೆಚ್ಚು.

ಪ್ರಮಾಣದ ಲೆಕ್ಕ ಹಾಕದಿದ್ದರೆ ಈ ಪಾಠ ಅಪೂರ್ಣ. ಸುರಪುರದಲ್ಲಿರುವ ನನ್ನ ಸೋದರಮಾವನ ವರದಿಯಲ್ಲಿ ಟ್ರೈಗ್ಲಿಸರೈಡ್ 320 ಇತ್ತು. ಡೆಸಿಲೀಟರ್ ರಕ್ತಕ್ಕೆ 150 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಅವರು ದಿನಕ್ಕೊಂದು ಮೀನೆಣ್ಣೆ ಕ್ಯಾಪ್ಸೂಲ್ ನುಂಗುತ್ತಿದ್ದರು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ, ಹಿಂಬದಿಯ ಸಣ್ಣಕ್ಷರದಲ್ಲಿ ಇ.ಪಿ.ಎ. 180, ಡಿ.ಎಚ್.ಎ. 120. ಎರಡೂ ಸೇರಿ 300 ಮಾತ್ರ, ಉಳಿದದ್ದು ಬೇರೆ ಕೊಬ್ಬು. ಪರಿಣಾಮ ಚೆನ್ನಾಗಿ ಕಂಡಿರುವುದು ದಿನಕ್ಕೆ ಸುಮಾರು 4 ಗ್ರಾಂ ಇ.ಪಿ.ಎ. ಮತ್ತು ಡಿ.ಎಚ್.ಎ. ಕೊಟ್ಟಾಗ. ಆ ಲೆಕ್ಕಕ್ಕೆ 13 ಕ್ಯಾಪ್ಸೂಲ್ ಬೇಕು. ಅಷ್ಟು ಕೊಟ್ಟು ಕಾಲು ಭಾಗ ಇಳಿಯಿತೆಂದರೂ 320 ಹೋಗಿ 240 ಆಗುತ್ತದೆ, ಆಗಲೂ ಅದು 150ರ ಮೇಲೆಯೇ. ಅವರ ವೈದ್ಯರು ಮೊದಲು ಸಕ್ಕರೆ, ಮದ್ಯ, ತೂಕ ಮತ್ತು ಮಧುಮೇಹದ ಕಡೆ ಗಮನ ಕೊಟ್ಟದ್ದು ಇದಕ್ಕೇ.

ಆ ಪ್ರಮಾಣ ಮನೆಮದ್ದೂ ಅಲ್ಲ. ಹೆಚ್ಚು ಪ್ರಮಾಣದಲ್ಲಿ ಕೆಲವರಿಗೆ ಹೃದಯದ ಬಡಿತ ತಾಳತಪ್ಪುವ ಅಪಾಯ ಏರುತ್ತದೆ. ಡಿ.ಎಚ್.ಎ. ಇರುವ ಔಷಧಿಯಿಂದ ಕೆಲವರಲ್ಲಿ ಎಲ್.ಡಿ.ಎಲ್. ಕೊಲೆಸ್ಟರಾಲ್ ಹೆಚ್ಚಬಹುದು. ಟ್ರೈಗ್ಲಿಸರೈಡ್ ಇಳಿದ ಮಾತ್ರಕ್ಕೆ ಹೃದಯಾಘಾತವೂ ಕಡಿಮೆಯಾಗುತ್ತದೆ ಎನ್ನಲಾಗದು, ದೊಡ್ಡ ಪ್ರಯೋಗಗಳ ಫಲಿತಾಂಶಗಳೇ ಒಂದಕ್ಕೊಂದು ಹೊಂದಿಲ್ಲ. ವರದಿ ಓದುವಾಗಲೂ ಎಚ್ಚರ ಬೇಕು. ಈ ಅಂಕಿ ಊಟದ ನಂತರ ಏರುತ್ತದೆ, ಔಷಧಿಯಿಲ್ಲದೆಯೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ. 9ರಿಂದ 12 ಗಂಟೆ ಉಪವಾಸವಿದ್ದು, ಒಂದಕ್ಕಿಂತ ಹೆಚ್ಚು ಸಲ ಪರೀಕ್ಷಿಸಿ ಹೋಲಿಸಿದರೆ ಮಾತ್ರ ಇಳಿದಿದೆ ಎನ್ನಬಹುದು.

ಈ ಘಟಕದ ಮೌಲ್ಯಮಾಪನಕ್ಕೆ "ಒಮೆಗಾ 3 ಎಂದರೇನು?" ಎಂದು ಕೇಳುವುದಕ್ಕಿಂತ ಒಂದು ಡಬ್ಬಿಯ ಹಿಂಬದಿಯ ಚೀಟಿಯನ್ನು ಕೊಟ್ಟು, ಅದರಲ್ಲಿ ಇ.ಪಿ.ಎ. ಮತ್ತು ಡಿ.ಎಚ್.ಎ. ಎಷ್ಟಿದೆ, 4 ಗ್ರಾಂಗೆ ಎಷ್ಟು ಬೇಕು ಎಂದು ಲೆಕ್ಕ ಮಾಡಿಸುವುದು ಸೂಕ್ತ. ಇದಕ್ಕೆ ಹತ್ತು ನಿಮಿಷ ಸಾಕು.