ಡಬ್ಬದ ಮೇಲಿನ '16 ಜಿಬಿ'

ದೆಹಲಿಯ ಕರೋಲ್ ಬಾಗ್, ಗಫಾರ್ ಮಾರ್ಕೆಟ್. ಫೋನಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ '16 ಜಿಬಿ ರ‍್ಯಾಮ್'. ಅದರಡಿ ಇರುವೆಸಾಲಿನಂಥ ಅಕ್ಷರದಲ್ಲಿ '8+8'.

ಕೊಳ್ಳುವವರು ನಂಬಬೇಕಾದದ್ದು ಮೊದಲ ಎಂಟನ್ನು. ಅದೇ ಅಸಲಿ ರ‍್ಯಾಮ್. ಎರಡನೆಯದು ಫೋಟೊ, ವಿಡಿಯೊ ಇಡುವ ಸ್ಟೋರೇಜ್‌ನಿಂದ ಪಡೆದ ಕಡ. ಸದ್ಯ ಬಳಸದ ಆ್ಯಪ್‌ಗಳನ್ನು ಅಲ್ಲಿಗೆ ಸರಿಸಬಹುದು, ನಿಜ. ಆದರೆ ಸ್ಟೋರೇಜ್ ರ‍್ಯಾಮ್‌ಗಿಂತ ಬಹಳ ನಿಧಾನ. ಮೇಲಾಗಿ 128 ಜಿಬಿ ಜಾಗದಲ್ಲಿ ಎಂಟು ಕಡಿತ!

'ಆಕ್ಟಾ ಕೋರ್' ಪ್ರೊಸೆಸರ್‌ನ ಎಂಟು ಕೋರ್‌ಗಳೂ ಸಮಬಲದವಲ್ಲ. ಸ್ನಾಪ್‌ಡ್ರ್ಯಾಗನ್ 695ರಲ್ಲಿ ಚುರುಕಿನವು ಎರಡೇ; ಉಳಿದ ಆರು ಕರೆಂಟ್ ಉಳಿಸುವವು.

ಬ್ಯಾಟರಿಯ 5000 ಎಂಎಎಚ್ ಹೇಳುವುದು ತುಂಬಿಟ್ಟ ಪ್ರಮಾಣವನ್ನು, ಗಂಟೆಗಳನ್ನಲ್ಲ. ಫೋನ್ ಸರಾಸರಿ 500 ಮಿಲಿ ಆ್ಯಂಪಿಯರ್ ಎಳೆದರೆ ಸುಮಾರು 10 ಗಂಟೆ. ಜೂನ್ ಬಿಸಿಲಲ್ಲಿ ಸ್ಕ್ರೀನ್ ಬೆಳಕು ಏರಿಸಿ, 5ಜಿಯಲ್ಲಿ ಮ್ಯಾಪ್ ನೋಡುತ್ತ ಸಾವಿರ ಎಳೆದರೆ ಐದೇ.